60,000 ಐಯು ವಿಟಮಿನ್ ಡಿ: ಊಟದ ಜೊತೆ ಹೇಗೆ, ಎಷ್ಟು ವಾರ, ಎಲ್ಲಿ ನಿಲ್ಲಿಸಬೇಕು

ಮಂಡಿ ನೋವು, ಸೊಂಟ ನೋವು, ಸದಾ ಸುಸ್ತು ಎಂದು ಡಾಕ್ಟರ ಹತ್ತಿರ ಹೋದವರಲ್ಲಿ ಅನೇಕರು ಒಂದು ರಕ್ತಪರೀಕ್ಷೆಯ ವರದಿ ಮತ್ತು ನಾಲ್ಕೋ ಎಂಟೋ ಸಣ್ಣ ಸ್ಯಾಶೆ ಹಿಡಿದು ಮನೆಗೆ ಬರುತ್ತಾರೆ. ಸ್ಯಾಶೆಯ ಮೇಲೆ ಕೊಲೆಕ್ಯಾಲ್ಸಿಫೆರಾಲ್ 60,000 ಐಯು ಎಂದಿರುತ್ತದೆ. ಅದು ವಿಟಮಿನ್ ಡಿ3. ಕೆಲವರಿಗೆ ಇದೇ ಪ್ರಮಾಣ ಮೆತ್ತನೆಯ ಕ್ಯಾಪ್ಸೂಲ್ ಆಗಿ, ಕೆಲವರಿಗೆ 5 ಎಂಎಲ್‌ನ ಪುಟ್ಟ ಬಾಟಲಿಯಾಗಿ ಸಿಗುತ್ತದೆ. ಕೊಬ್ಬಿನಲ್ಲಿ ಕರಗುವ ನಾಲ್ಕು ವಿಟಮಿನ್‌ಗಳಲ್ಲಿ, ಅಂದರೆ ಎ, ಡಿ, ಇ, ಕೆಗಳಲ್ಲಿ, ನಮ್ಮ ಮನೆಗಳಿಗೆ ಇಷ್ಟು ದೊಡ್ಡ ಪ್ರಮಾಣದಲ್ಲಿ ಬರುವುದು ಇದೊಂದೇ. ಹಾಗಾಗಿ ಈ ಬರಹದಲ್ಲಿ ಹೆಚ್ಚು ಜಾಗ ಇದಕ್ಕೇ. ಉಳಿದ ಮೂರು ಮಾತ್ರೆ ಡಬ್ಬಿಯಲ್ಲಿ ಇದರ ಜೊತೆ ಸೇರಿಕೊಳ್ಳುವುದರಿಂದ ಅವುಗಳ ಮಾತೂ ನಡುವೆ ಬರುತ್ತದೆ.

ಮೊದಲು ಕೈಯಲ್ಲಿರುವುದು ಏನೆಂದು ನೋಡಿ

ಐಯು ಎನ್ನುವುದು ಅಳತೆ. ವಿಟಮಿನ್ ಡಿ ವಿಷಯದಲ್ಲಿ 40 ಐಯು ಎಂದರೆ 1 ಮೈಕ್ರೋಗ್ರಾಂ. ಕೆಲವು ಮಾತ್ರೆಗಳ ಪಟ್ಟಿಯಲ್ಲಿ ಐಯು ಬದಲು ಮೈಕ್ರೋಗ್ರಾಂ ಬರೆದಿರುತ್ತಾರೆ, ಆಗ 40ರಿಂದ ಗುಣಿಸಿದರೆ ಆಯಿತು. ವಯಸ್ಕರೊಬ್ಬರಿಗೆ ದಿನಕ್ಕೆ ಬೇಕಾದದ್ದು ಸುಮಾರು 600 ಐಯು, ಅಂದರೆ 15 ಮೈಕ್ರೋಗ್ರಾಂ. ವೈದ್ಯರ ನಿಗಾ ಇಲ್ಲದೆ ದಿನವೂ ತೆಗೆದುಕೊಳ್ಳಲು ಸುರಕ್ಷಿತ ಎಂದು ಒಪ್ಪಿರುವ ಗರಿಷ್ಠ ಮಿತಿ 4,000 ಐಯು. ಈ ಎರಡು ಅಂಕಿಗಳ ಪಕ್ಕ ಸ್ಯಾಶೆಯನ್ನು ಇಟ್ಟು ನೋಡಿ. ಒಂದೇ ಸ್ಯಾಶೆಯಲ್ಲಿ ನೂರು ದಿನದ ಪಾಲು ಇದೆ.

ಇದು ತಪ್ಪೇನಲ್ಲ. ರಕ್ತದಲ್ಲಿ ವಿಟಮಿನ್ ಡಿ ತೀರಾ ಕಡಿಮೆ ಇರುವವರಿಗೆ ವಾರಕ್ಕೊಂದರಂತೆ ಸಾಮಾನ್ಯವಾಗಿ ಎಂಟು ವಾರ ಕೊಟ್ಟು ಖಾಲಿಯಾದ ದಾಸ್ತಾನು ತುಂಬಿಸುತ್ತಾರೆ. ಡಿ ಮೈಯ ಕೊಬ್ಬಿನಲ್ಲಿ ಉಳಿದುಕೊಂಡು ನಿಧಾನವಾಗಿ ಹೊರಬರುವುದರಿಂದಲೇ ದಿನವೂ ಮಾತ್ರೆ ನುಂಗುವ ಬದಲು ವಾರಕ್ಕೊಮ್ಮೆ ತೆಗೆದುಕೊಂಡರೆ ನಡೆಯುತ್ತದೆ. ಬಿ ಗುಂಪಿನ ವಿಟಮಿನ್‌ಗಳಲ್ಲಿ ಮತ್ತು ಸಿಯಲ್ಲಿ ಹೆಚ್ಚಾದದ್ದು ಬಹುಪಾಲು ಮೂತ್ರದಲ್ಲಿ ಹೋಗಿಬಿಡುತ್ತದೆ. ಡಿ ಹಾಗೆ ಹೋಗುವುದಿಲ್ಲ. ಅನುಕೂಲ, ಅಪಾಯ ಎರಡಕ್ಕೂ ಮೂಲ ಈ ಒಂದೇ ಗುಣ.

ಆದ್ದರಿಂದ ಚೀಟಿಯನ್ನು ಔಷಧಿ ಅಂಗಡಿಯಲ್ಲೇ ಜೋರಾಗಿ ಓದಿಸಿಕೊಳ್ಳಿ: ದಿನಕ್ಕೊಂದೋ, ವಾರಕ್ಕೊಂದೋ, ತಿಂಗಳಿಗೊಂದೋ? ಒಟ್ಟು ಎಷ್ಟು? ಅತಿಯಾಗಿ ಕೆಡುವುದು ಹೆಚ್ಚಾಗಿ ಇಲ್ಲಿಯೇ. ವಾರಕ್ಕೊಂದು ಎಂದಿದ್ದನ್ನು ದಿನಕ್ಕೊಂದು ಎಂದು ತಿಳಿದು ತಿಂಗಳು ಪೂರ್ತಿ ಕುಡಿದರೆ 18 ಲಕ್ಷ ಐಯು ಒಳಗೆ ಹೋಗಿರುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದರೆ ವಾರದ ಒಂದು ದಿನವನ್ನು ನಿಗದಿ ಮಾಡಿ. ಭಾನುವಾರ ಮಧ್ಯಾಹ್ನವಾದರೆ ಒಳ್ಳೆಯದು, ಮನೆಯವರೆಲ್ಲ ಇರುತ್ತಾರೆ. ಎಂಟು ವಾರದ ಎಂಟು ತಾರೀಕುಗಳನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಮೊದಲೇ ಸುತ್ತು ಹಾಕಿ, ತೆಗೆದುಕೊಂಡ ಮೇಲೆ ಅದರ ಮೇಲೆ ಗೀಟೆಳೆಯಿರಿ. ಎಂಟನೆಯ ಸುತ್ತಿನ ಪಕ್ಕದಲ್ಲಿ "ನಿಲ್ಲಿಸಿ, ಡಾಕ್ಟರನ್ನು ಕೇಳಿ" ಎಂದು ಬರೆದಿಡಿ. ಒಂದು ವಾರ ಮರೆತರೆ ನೆನಪಾದ ದಿನ ತೆಗೆದುಕೊಳ್ಳಿ. ಎರಡನ್ನು ಒಟ್ಟಿಗೆ ಮಾತ್ರ ಬೇಡ.

ಊಟದ ಜೊತೆ ಯಾಕೆ, ಎಷ್ಟು ಜಿಡ್ಡು ಸಾಕು

ಜಿಡ್ಡಿರುವ ಊಟ ಹೊಟ್ಟೆಯಿಂದ ಸಣ್ಣ ಕರುಳಿಗೆ ಇಳಿದಾಗ ಪಿತ್ತಕೋಶ ಹಿಂಡಿಕೊಂಡು ಪಿತ್ತರಸ ಬಿಡುತ್ತದೆ. ಪಿತ್ತರಸ ಕೊಬ್ಬನ್ನು ಅತಿ ಸಣ್ಣ ಕಣಗಳಾಗಿ ಒಡೆಯುತ್ತದೆ, ಎ, ಡಿ, ಇ, ಕೆ ಆ ಕಣಗಳೊಳಗೆ ಸೇರಿಕೊಂಡು ಕರುಳಿನ ಗೋಡೆ ದಾಟುತ್ತವೆ. ಬರೀ ಹೊಟ್ಟೆಯಲ್ಲಿ ಕಾಫಿಯ ಜೊತೆ ಕ್ಯಾಪ್ಸೂಲ್ ನುಂಗಿದರೆ ಈ ಏರ್ಪಾಡು ಅರೆಬರೆ ನಡೆಯುತ್ತದೆ. ಏನೂ ಹೀರಿಕೊಳ್ಳುವುದಿಲ್ಲ ಎಂದಲ್ಲ, ಕಡಿಮೆ ಹೀರಿಕೊಳ್ಳುತ್ತದೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ, ಮಾತ್ರೆ ತೆಗೆದುಕೊಂಡರೂ ಮಟ್ಟ ಏರದಿದ್ದ ಕೆಲವರಿಗೆ ಅದೇ ಪ್ರಮಾಣವನ್ನು ದಿನದ ಅತಿ ದೊಡ್ಡ ಊಟದ ಜೊತೆ ತೆಗೆದುಕೊಳ್ಳಲು ಹೇಳಿದರು. ಎರಡು ಮೂರು ತಿಂಗಳಲ್ಲಿ ಅವರ ರಕ್ತದ ಮಟ್ಟ ಸರಾಸರಿ ಅರ್ಧಪಟ್ಟು ಏರಿತ್ತು. 2010ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನವದು, ಆದರೆ ಕಾರಣ ಗೊತ್ತಿರುವುದರಿಂದ ನಂಬಲು ಕಷ್ಟವಿಲ್ಲ.

ನಮ್ಮಲ್ಲಿ ದೊಡ್ಡ ಊಟ ಎಂದರೆ ಸಾಮಾನ್ಯವಾಗಿ ಮಧ್ಯಾಹ್ನದ್ದು. ಅನ್ನ ಅಥವಾ ಮುದ್ದೆ, ಒಗ್ಗರಣೆ ಹಾಕಿದ ಸಾರು, ಒಂದು ಪಲ್ಯ, ಮೊಸರು ಇದ್ದರೆ ಎರಡು ಮೂರು ಟೀ ಚಮಚದಷ್ಟು ಜಿಡ್ಡು ಅದರಲ್ಲೇ ಬಂದಿರುತ್ತದೆ. ಅಷ್ಟು ಸಾಕು. ವಿಟಮಿನ್ ಹಿಡಿಯಲಿ ಎಂದು ಮೇಲಿಂದ ತುಪ್ಪ ಸುರಿಯುವುದರಿಂದ ಹೆಚ್ಚೇನೂ ಸಿಗುವುದಿಲ್ಲ. ಎಣ್ಣೆ ಪೂರ್ತಿ ಬಿಟ್ಟವರು ನಾಲ್ಕೈದು ಬಾದಾಮಿಯನ್ನೋ, ಒಂದು ಹಿಡಿ ಕಡಲೆಕಾಯಿಯನ್ನೋ, ಕೆನೆ ತೆಗೆಯದ ಒಂದು ಲೋಟ ಹಾಲನ್ನೋ ಊಟಕ್ಕೆ ಸೇರಿಸಿಕೊಳ್ಳಬಹುದು. ಸ್ಯಾಶೆಯ ಪುಡಿಯನ್ನು ಹಾಲಿನಲ್ಲಿ ಕಲಸಿ ಕುಡಿಯಿರಿ ಎನ್ನುವುದರ ಹಿಂದೆಯೂ ಇದೇ ಕಾರಣ ಇದೆ, ಕೆನೆ ತೆಗೆದ ಹಾಲಾದರೆ ಆ ಲಾಭ ಇಲ್ಲ. ಏಕಾದಶಿ, ಶನಿವಾರದ ಒಪ್ಪತ್ತು ಮಾಡುವವರು ಸ್ಯಾಶೆಯ ದಿನವನ್ನು ಆ ದಿನಕ್ಕೆ ಬೀಳದಂತೆ ಇಟ್ಟುಕೊಳ್ಳಲಿ. 5 ಎಂಎಲ್‌ ಬಾಟಲಿಗಳಲ್ಲಿ ವಿಟಮಿನ್ನನ್ನು ಮೊದಲೇ ಸೂಕ್ಷ್ಮ ಕಣಗಳಾಗಿ ಮಾಡಿರುತ್ತಾರೆ, ಹಾಗಾಗಿ ಜಿಡ್ಡಿನ ಊಟ ಅವಕ್ಕೆ ಅಷ್ಟು ಮುಖ್ಯವಲ್ಲ ಎಂಬುದು ತಯಾರಕರ ಮಾತು. ಆದರೂ ಊಟದ ನಂತರ ಕುಡಿದರೆ ನಷ್ಟವಿಲ್ಲ.

ಪಿತ್ತರಸ ಸರಿಯಾಗಿ ಕರುಳಿಗೆ ಬಾರದ ಯಕೃತ್ತಿನ ಕಾಯಿಲೆ ಇರುವವರು, ಬೊಜ್ಜಿಗೆ ಕರುಳಿನ ಆಪರೇಷನ್ ಆದವರು, ತೂಕ ಇಳಿಸಲು ಆರ್ಲಿಸ್ಟಾಟ್ ತೆಗೆದುಕೊಳ್ಳುವವರು ಊಟದ ಜೊತೆ ತೆಗೆದುಕೊಂಡರೂ ಮಟ್ಟ ಏರದೇ ಇರಬಹುದು. ಅಂಥವರು ತಾವಾಗಿಯೇ ಪ್ರಮಾಣ ಏರಿಸಬಾರದು, ವೈದ್ಯರಿಗೆ ಹೇಳಬೇಕು.

ಊಟದ ಹೊತ್ತಿನಲ್ಲೇ ಇನ್ನೊಂದು ತೊಡಕಿದೆ. ಬೆಳಗ್ಗೆ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಎಲ್ಲವನ್ನೂ ಒಮ್ಮೆಗೇ ನುಂಗಿ ಮುಗಿಸಿಬಿಡುತ್ತಾರೆ. ಥೈರಾಯ್ಡ್ ಮಾತ್ರೆಗೆ ಬರೀ ಹೊಟ್ಟೆ ಬೇಕು, ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳು ಅದರಿಂದ ನಾಲ್ಕು ಗಂಟೆ ದೂರ ಇರಬೇಕು. ಹಾಗಾಗಿ ಎದ್ದ ಕೂಡಲೇ ನೀರಿನಲ್ಲಿ ಥೈರಾಯ್ಡ್ ಮಾತ್ರೆ, ಮಧ್ಯಾಹ್ನದ ಊಟಕ್ಕೆ ಕ್ಯಾಲ್ಸಿಯಂ ಮತ್ತು ಸ್ಯಾಶೆ, ಕಬ್ಬಿಣದ ಮಾತ್ರೆ ಇದ್ದರೆ ಅದನ್ನು ಕ್ಯಾಲ್ಸಿಯಂ, ಕಾಫಿ, ಟೀ ಯಾವುದೂ ಹತ್ತಿರ ಇಲ್ಲದ ಹೊತ್ತಿಗೆ ಎಂದು ಹಂಚಿಕೊಳ್ಳುವುದು ಸುಲಭ.

ಎಲ್ಲ ಮಾತ್ರೆಗಳನ್ನೂ ಮೇಜಿನ ಮೇಲೆ ಸುರಿದು ಕೂಡಿಸಿ

ಸ್ಯಾಶೆ ಒಂದನ್ನೇ ನೋಡಿದರೆ ಲೆಕ್ಕ ಸಿಗುವುದಿಲ್ಲ. 62 ವರ್ಷದ ಒಬ್ಬ ಗೃಹಿಣಿ ಎಂದಿಟ್ಟುಕೊಳ್ಳೋಣ. ವರ್ಷದ ಹಿಂದೆ ಅವರಿಗೆ ವಾರಕ್ಕೊಂದು ಸ್ಯಾಶೆ, ಎಂಟು ವಾರ ಎಂದು ಬರೆದುಕೊಟ್ಟಿದ್ದರು. ನೋವು ಕಡಿಮೆಯಾಯಿತು. ಚೀಟಿ ತೋರಿಸಿದರೆ ಅಂಗಡಿಯವರು ಕೊಡುತ್ತಿದ್ದುದರಿಂದ ಅದು ಮುಂದುವರಿಯುತ್ತಲೇ ಬಂತು. ಜೊತೆಗೆ ಮೂಳೆಗೆಂದು ದಿನಕ್ಕೆರಡು ಕ್ಯಾಲ್ಸಿಯಂ ಮಾತ್ರೆ, ಶಕ್ತಿಗೆಂದು ಒಂದು ಮಲ್ಟಿವಿಟಮಿನ್, ಬಿಪಿಗೆ ಕ್ಲೋರ್ಥಾಲಿಡೋನ್ ಇರುವ ಮಾತ್ರೆ.

ಈಗ ಪಟ್ಟಿ ಓದುತ್ತ ಹೋಗೋಣ. ಸ್ಯಾಶೆಯ 60,000ವನ್ನು ಏಳರಿಂದ ಭಾಗಿಸಿದರೆ ದಿನಕ್ಕೆ ಸುಮಾರು 8,570 ಐಯು. 500 ಮಿಲಿಗ್ರಾಂ ಕ್ಯಾಲ್ಸಿಯಂ ಮಾತ್ರೆಗಳಲ್ಲಿ ಸಾಮಾನ್ಯವಾಗಿ 250 ಐಯು ಡಿ3 ಸೇರಿಸಿರುತ್ತಾರೆ, ಎರಡಕ್ಕೆ 500. ಅವರ ಮಲ್ಟಿವಿಟಮಿನ್‌ನಲ್ಲಿ 400. ಒಟ್ಟು ದಿನಕ್ಕೆ 9,470 ಐಯು. ಗರಿಷ್ಠ ಮಿತಿಯ ಎರಡೂಕಾಲು ಪಟ್ಟಿಗಿಂತ ಹೆಚ್ಚು. ಎಂಟು ವಾರದ ಮಟ್ಟಿಗೆ, ವೈದ್ಯರಿಗೆ ಗೊತ್ತಿದ್ದು, ಇದು ನಡೆಯುವ ಮಾತು. ವರ್ಷಗಟ್ಟಲೆ, ಯಾರೂ ಪರೀಕ್ಷೆ ಮಾಡದೆ, ಅಲ್ಲ.

ಇಲ್ಲಿ ನನಗೆ ಹೆಚ್ಚು ಕಳವಳ ಹುಟ್ಟಿಸುವುದು ಬಿಪಿ ಮಾತ್ರೆ. ಕ್ಲೋರ್ಥಾಲಿಡೋನ್, ಹೈಡ್ರೋಕ್ಲೋರೋಥಯಜೈಡ್ ಜಾತಿಯ ಮಾತ್ರೆಗಳು ಮೂತ್ರದಲ್ಲಿ ಹೋಗಬೇಕಾದ ಕ್ಯಾಲ್ಸಿಯಮ್ಮನ್ನು ತಡೆದು ಇಟ್ಟುಕೊಳ್ಳುತ್ತವೆ. ವಿಟಮಿನ್ ಡಿ ಕರುಳಿನಿಂದ ಹೆಚ್ಚು ಕ್ಯಾಲ್ಸಿಯಂ ಒಳಗೆ ತರುತ್ತದೆ, ಕ್ಯಾಲ್ಸಿಯಂ ಮಾತ್ರೆ ಅದಕ್ಕೆ ಸರಕು ಒದಗಿಸುತ್ತದೆ, ಬಿಪಿ ಮಾತ್ರೆ ಹೊರಹೋಗುವ ಬಾಗಿಲನ್ನು ಅರ್ಧ ಮುಚ್ಚುತ್ತದೆ. ಬೇರೆ ಬೇರೆ ಡಾಕ್ಟರುಗಳು ಬರೆದ ಮೂರೂ ಮಾತ್ರೆ ತಮ್ಮ ತಮ್ಮ ಜಾಗದಲ್ಲಿ ಸರಿಯೇ, ಕೂಡಿದಾಗಷ್ಟೇ ರಕ್ತದ ಕ್ಯಾಲ್ಸಿಯಂ ಏರುವುದು.

ಅವರು ಎಂಟು ವಾರಕ್ಕೇ ನಿಲ್ಲಿಸಿ, ಡಾಕ್ಟರು ಹೇಳಿದಂತೆ ತಿಂಗಳಿಗೊಂದು ಸ್ಯಾಶೆಗೆ ಇಳಿದಿದ್ದರೆ? 60,000ವನ್ನು 30ರಿಂದ ಭಾಗಿಸಿ 2,000, ಉಳಿದ ಮಾತ್ರೆಗಳ 900 ಸೇರಿ 2,900. ಮಿತಿಯ ಒಳಗೇ ಇರುತ್ತಿದ್ದರು.

ಇದೇ ಪಟ್ಟಿಯಲ್ಲಿ ವಿಟಮಿನ್ ಎ ಎಷ್ಟಿದೆ ಎಂದೂ ನೋಡಿ. ಮೀನೆಣ್ಣೆ ಕ್ಯಾಪ್ಸೂಲ್ ಎಂದು ಕರೆಯುವುದರಲ್ಲಿ ಎರಡು ಬಗೆ. ಮೀನಿನ ಮೈಯಿಂದ ತೆಗೆದ ಒಮೆಗಾ-3 ಎಣ್ಣೆಯಲ್ಲಿ ಎ, ಡಿ ಹೆಚ್ಚಿರುವುದಿಲ್ಲ. ಕಾಡ್ ಲಿವರ್ ಎಣ್ಣೆ ಮೀನಿನ ಯಕೃತ್ತಿನದು, ಅದರಲ್ಲಿ ಎರಡೂ ಇರುತ್ತವೆ. ಮಲ್ಟಿವಿಟಮಿನ್ ಜೊತೆ ಅದನ್ನೂ ನುಂಗುವವರಿಗೆ ಎ ಎರಡು ಕಡೆಯಿಂದ ಬರುತ್ತದೆ. ಎ ವಿಟಮಿನ್ನಿನ ಮಿತಿ ದಿನಕ್ಕೆ 3,000 ಮೈಕ್ರೋಗ್ರಾಂ, ಅಂದರೆ ಸುಮಾರು 10,000 ಐಯು. ಇದು ರೆಟಿನಾಲ್ ರೂಪದ್ದಕ್ಕೆ ಮಾತ್ರ ಅನ್ವಯ. ಗಜ್ಜರಿ, ಪಪ್ಪಾಯಿ, ನುಗ್ಗೆ ಸೊಪ್ಪಿನಿಂದ ಬರುವ ಬೀಟಾ ಕೆರೋಟಿನ್ನನ್ನು ದೇಹ ಬೇಕಾದಷ್ಟೇ ಎ ಆಗಿ ಮಾರ್ಪಡಿಸಿಕೊಳ್ಳುತ್ತದೆ. ಅತಿಯಾಗಿ ಗಜ್ಜರಿ ತಿಂದವರ ಅಂಗೈ ಹಳದಿಯಾಗಬಹುದು, ಅಷ್ಟೇ. ಆದರೆ ಬೀಡಿ ಸಿಗರೇಟು ಸೇದುವವರು ಬೀಟಾ ಕೆರೋಟಿನ್ನನ್ನು ಮಾತ್ರೆಯಾಗಿ ತೆಗೆದುಕೊಳ್ಳಬಾರದು. 1990ರ ದಶಕದಲ್ಲಿ ಫಿನ್ಲೆಂಡ್ ಮತ್ತು ಅಮೆರಿಕದ ದೊಡ್ಡ ಪರೀಕ್ಷೆಗಳಲ್ಲಿ ಹಾಗೆ ತೆಗೆದುಕೊಂಡ ಧೂಮಪಾನಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಗಿತ್ತು.

ಬಸುರಿಯರು ಮತ್ತು ಬಸುರಿಯಾಗುವ ಯೋಚನೆಯಲ್ಲಿರುವವರು ಎ ವಿಟಮಿನ್ನಿನ ಈ 10,000 ಐಯು ದಾಟಬಾರದು, ಮಗುವಿನ ಅಂಗರಚನೆ ಕೆಡುವ ಅಪಾಯವಿದೆ. ಮೊಡವೆಗೆ ಐಸೊಟ್ರೆಟಿನಾಯಿನ್ ತೆಗೆದುಕೊಳ್ಳುತ್ತಿರುವವರಿಗೆ ಎ ಮಾತ್ರೆ ಬೇಡವೇ ಬೇಡ, ಎರಡೂ ಒಂದೇ ಬಳಗದವು.

ಕೂದಲಿಗೆಂದು ಇ, ಮೂಳೆಗೆಂದು ಕೆ

ಹಸಿರು ಬಣ್ಣದ 400 ಮಿಲಿಗ್ರಾಂ ಇ ಕ್ಯಾಪ್ಸೂಲ್ ಗೊತ್ತಿಲ್ಲದ ಮನೆ ಕಡಿಮೆ. ಒಡೆದು ಮುಖಕ್ಕೆ ಹಚ್ಚುವವರ ವಿಷಯ ಬಿಡಿ. ದಿನವೂ ನುಂಗುವವರು ಇಷ್ಟು ತಿಳಿದಿರಲಿ: ದಿನಕ್ಕೆ ಬೇಕಾದ ಇ ಹತ್ತು ಹದಿನೈದು ಮಿಲಿಗ್ರಾಂ ಮಾತ್ರ, ಸೂರ್ಯಕಾಂತಿ ಎಣ್ಣೆಯಲ್ಲಿ ಅಡುಗೆ ಮಾಡುವ ಮನೆಯಲ್ಲಿ ಅದರ ಬಹುಪಾಲು ಎಣ್ಣೆಯಲ್ಲೇ ಬಂದಿರುತ್ತದೆ. 400 ಎನ್ನುವುದು ತಿಂಗಳ ಪಾಲು. ದೊಡ್ಡ ಪ್ರಮಾಣದ ಇ ರಕ್ತ ಹೆಪ್ಪುಗಟ್ಟುವುದನ್ನು ನಿಧಾನ ಮಾಡುತ್ತದೆ, ಆಸ್ಪಿರಿನ್, ಕ್ಲೋಪಿಡೋಗ್ರೆಲ್ ತೆಗೆದುಕೊಳ್ಳುವವರಲ್ಲಿ ಇದು ರಕ್ತಸ್ರಾವಕ್ಕೆ ದಾರಿಯಾಗಬಹುದು. ದಿನಕ್ಕೆ 400 ಐಯು ಇ ಕೊಟ್ಟು ಗಂಡಸರಲ್ಲಿ ನಡೆಸಿದ ಅಮೆರಿಕದ ದೊಡ್ಡ ಪರೀಕ್ಷೆಯೊಂದರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಕಡಿಮೆಯಾಗುವ ಬದಲು 17 ಶೇಕಡ ಹೆಚ್ಚಿತ್ತು. ಆ ಫಲಿತಾಂಶ ಬಂದದ್ದು 2011ರಲ್ಲಿ. ವೈದ್ಯರು ಒಂದು ಕಾಯಿಲೆಗೆಂದು ಬರೆದಿಲ್ಲವಾದರೆ ನುಂಗಲು ನನಗೆ ಕಾರಣ ಕಾಣುವುದಿಲ್ಲ.

ಕೆ ವಿಷಯದಲ್ಲಿ ಅತಿಯಾಗುವ ಭಯ ಹೆಚ್ಚಿಲ್ಲ, ತೊಂದರೆ ಬೇರೆ. ಹೃದಯದ ಕವಾಟ ಬದಲಿಸಿಕೊಂಡವರು ರಕ್ತ ಹೆಪ್ಪುಗಟ್ಟದಿರಲೆಂದು ವಾರ್ಫರಿನ್ ಅಥವಾ ಅಸಿನೋಕೌಮರಾಲ್ ತೆಗೆದುಕೊಳ್ಳುತ್ತಾರೆ. ಆ ಔಷಧಿಗಳು ಕೆಲಸ ಮಾಡುವುದೇ ಕೆ ವಿಟಮಿನ್ನಿಗೆ ಅಡ್ಡ ಬಂದು. ಈಚೆಗೆ ಕೆಲವು ಕ್ಯಾಲ್ಸಿಯಂ ಮಾತ್ರೆಗಳಲ್ಲಿ ಕೆ2-7 ಎಂದು ಸೇರಿಸುತ್ತಿದ್ದಾರೆ, ಅಂಗಡಿಯಲ್ಲಿ ಬ್ರ್ಯಾಂಡ್ ಬದಲಿಸಿ ಕೊಟ್ಟಾಗ ಅದು ಗೊತ್ತೇ ಆಗದೆ ಮನೆಗೆ ಬರುತ್ತದೆ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತನ್ನು ಹೇಳುವ ಐಎನ್ಆರ್ ಇಳಿದುಹೋಗುತ್ತದೆ. ಇಂಥವರು ಕ್ಯಾಲ್ಸಿಯಂ ಮಾತ್ರೆಯ ಹಿಂಬದಿ ಓದದೆ ತೆಗೆದುಕೊಳ್ಳಬಾರದು. ಬಸಳೆ, ದಂಟು, ಮೆಂತ್ಯ ಸೊಪ್ಪನ್ನು ಬಿಟ್ಟುಬಿಡಬೇಕಿಲ್ಲ. ವಾರವಾರ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿನ್ನುತ್ತಿದ್ದರೆ ಔಷಧಿಯ ಪ್ರಮಾಣವನ್ನು ಅದಕ್ಕೆ ಹೊಂದಿಸುತ್ತಾರೆ.

ಎಂಟು ವಾರ ಮುಗಿದ ಮೇಲೆ

ಸ್ಯಾಶೆ ಮುಗಿದ ಕೂಡಲೇ ಪರೀಕ್ಷೆಗೆ ಓಡಬೇಕಿಲ್ಲ. ರಕ್ತದ ಮಟ್ಟ ಒಂದು ಹದಕ್ಕೆ ಬರಲು ಸಮಯ ಬೇಕು, ಚಿಕಿತ್ಸೆ ಶುರುವಾದ ಸುಮಾರು ಮೂರು ತಿಂಗಳಿಗೆ ನೋಡುವುದು ವಾಡಿಕೆ. ಪರೀಕ್ಷೆಯ ಹೆಸರು 25-ಹೈಡ್ರಾಕ್ಸಿ ವಿಟಮಿನ್ ಡಿ. 20 ನ್ಯಾನೋಗ್ರಾಂಗಿಂತ ಕೆಳಗಿದ್ದರೆ ಕೊರತೆ ಎನ್ನುತ್ತಾರೆ. 30, 40 ಬಂದರೆ ಆಯಿತು, 80ಕ್ಕೆ ಏರಿಸಿ ಗೆಲ್ಲುವುದೇನಿಲ್ಲ. 100 ದಾಟಿದರೆ ಎಚ್ಚರ, 150 ದಾಟಿದವರಲ್ಲಿ ವಿಷವಾಗುವುದು ಕಾಣುತ್ತದೆ.

ಹೆಚ್ಚು ಕೊಟ್ಟರೆ ಹೆಚ್ಚು ಒಳ್ಳೆಯದಾಗುತ್ತದೆಯೇ ಎಂದು ಆಸ್ಟ್ರೇಲಿಯಾದಲ್ಲಿ 70 ದಾಟಿದ ಹೆಂಗಸರಿಗೆ ವರ್ಷಕ್ಕೊಮ್ಮೆ 5 ಲಕ್ಷ ಐಯು ಕೊಟ್ಟು ನೋಡಿದ್ದಾರೆ. 2010ರಲ್ಲಿ ಬಂದ ಫಲಿತಾಂಶದಲ್ಲಿ, ತೆಗೆದುಕೊಳ್ಳದವರಿಗಿಂತ ತೆಗೆದುಕೊಂಡವರೇ ಹೆಚ್ಚು ಬಿದ್ದು ಹೆಚ್ಚು ಮೂಳೆ ಮುರಿದುಕೊಂಡಿದ್ದರು. ನಮ್ಮಲ್ಲಿ 6 ಲಕ್ಷದ ಇಂಜೆಕ್ಷನ್ ಈಗಲೂ ಸಿಗುತ್ತದೆ. "ಒಂದು ಸೂಜಿ ಹಾಕಿಬಿಡಿ" ಎಂದು ಕೇಳಿ ಹಾಕಿಸಿಕೊಳ್ಳುವವರು ಇದನ್ನು ತಿಳಿದಿರುವುದು ಒಳ್ಳೆಯದು, ಒಳಗೆ ಹೋದ ಸೂಜಿಯನ್ನು ಅರ್ಧಕ್ಕೆ ನಿಲ್ಲಿಸಲು ಬರುವುದಿಲ್ಲ.

ಕಿಡ್ನಿಯಲ್ಲಿ ಕಲ್ಲಾದವರು, ಕಿಡ್ನಿ ಕುಗ್ಗಿದವರು, ಕ್ಷಯ ಅಥವಾ ಸಾರ್ಕಾಯ್ಡೋಸಿಸ್ ಇರುವವರು ವೈದ್ಯರನ್ನು ಕೇಳದೆ ಒಂದು ಸ್ಯಾಶೆಯನ್ನೂ ತೆಗೆದುಕೊಳ್ಳಬಾರದು. ಕೊನೆಯ ಎರಡು ಕಾಯಿಲೆಗಳಲ್ಲಿ ದೇಹ ಸಾಧಾರಣ ಪ್ರಮಾಣದ ಡಿಯನ್ನೂ ಮಿತಿಮೀರಿ ಚುರುಕುಗೊಳಿಸಬಲ್ಲದು.

ಕೂಸುಗಳ ಡ್ರಾಪ್ಸ್ ಬಗ್ಗೆ ಒಂದು ಮಾತು. ಎದೆಹಾಲಿನ ಮಗುವಿಗೆ ದಿನಕ್ಕೆ 400 ಐಯು ಕೊಡುತ್ತಾರೆ. ಅಂಗಡಿಯಲ್ಲಿ ಒಂದು ಎಂಎಲ್‌ಗೆ 400 ಇರುವ ಬಾಟಲಿಯೂ ಇದೆ, 800 ಇರುವುದೂ ಇದೆ. ಎರಡನೆಯದರಲ್ಲಿ ಅರ್ಧ ಎಂಎಲ್ ಸಾಕು. ಬಾಟಲಿ ಬದಲಾದಾಗಲೆಲ್ಲ ಹೊಸದಾಗಿ ಓದಿ, ಅದರ ಜೊತೆ ಬಂದ ಡ್ರಾಪರ್ರನ್ನೇ ಬಳಸಿ.

ಅತಿಯಾದರೆ ಹೇಗೆ ಗೊತ್ತಾಗುತ್ತದೆ

ವಿಟಮಿನ್ ಡಿ ಅತಿಯಾದಾಗ ತೊಂದರೆ ಕೊಡುವುದು ರಕ್ತದಲ್ಲಿ ಏರಿದ ಕ್ಯಾಲ್ಸಿಯಂ. ಮೊದಲು ಹಸಿವು ಹೋಗುತ್ತದೆ, ವಾಕರಿಕೆ ಬರುತ್ತದೆ, ಮಲ ಕಟ್ಟುತ್ತದೆ. ಬಾಯಾರಿಕೆ ಹೆಚ್ಚಿ ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುತ್ತಾರೆ. ಆಮೇಲೆ ನಿಶ್ಶಕ್ತಿ, ಮಂಕು, ಮಾತು ತಪ್ಪುವುದು. ಒಂದೊಂದಕ್ಕೂ ಮನೆಯವರ ಬಳಿ ಬೇರೆ ಕಾರಣ ಸಿದ್ಧವಿರುತ್ತದೆ: ಗ್ಯಾಸ್ಟ್ರಿಕ್, ಶುಗರ್, ವಯಸ್ಸು. ಸುಸ್ತಿಗೆಂದು ಶುರುವಾದ ಸ್ಯಾಶೆಯಿಂದಲೇ ಸುಸ್ತು ಬಂದಾಗ ಇನ್ನೊಂದು ಸ್ಯಾಶೆ ಕುಡಿಸುವುದೂ ಇದೆ. ಸ್ಯಾಶೆ ತೆಗೆದುಕೊಳ್ಳುತ್ತಿರುವವರಲ್ಲಿ ಮಲಬದ್ಧತೆ, ಬಾಯಾರಿಕೆ, ಹಸಿವಿಲ್ಲದಿರುವುದು ಈ ಮೂರೂ ಒಟ್ಟಿಗೆ ಬಂದರೆ ಕ್ಯಾಲ್ಸಿಯಂ ಪರೀಕ್ಷೆಗೆ ಅಷ್ಟು ಕಾರಣ ಸಾಕು.

ಎ ಅತಿಯಾದಾಗಿನ ಚಿಹ್ನೆಗಳು ಬೇರೆ: ಒಣಗಿ ಬಿರಿಯುವ ತುಟಿ, ಉದುರುವ ಕೂದಲು, ತುರಿಕೆ, ಬಿಡದ ತಲೆನೋವು, ಮೂಳೆ ನೋವು. ಕೂದಲು ಉದುರುತ್ತದೆ ಎಂದು ಇನ್ನಷ್ಟು ವಿಟಮಿನ್ ನುಂಗುವವರು ಇಲ್ಲಿ ತಿರುಗುಮುರುಗಾಗುತ್ತಾರೆ. ಇ ಆದರೆ ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ, ಸುಮ್ಮನೆ ತಾಗಿದರೂ ಚರ್ಮ ನೀಲಿಗಟ್ಟುವುದು.

ಡಿ ಬಗ್ಗೆ ಅನುಮಾನ ಬಂದ ದಿನವೇ ಸ್ಯಾಶೆ, ಕ್ಯಾಲ್ಸಿಯಂ, ಮಲ್ಟಿವಿಟಮಿನ್, ಕಾಡ್ ಲಿವರ್ ಎಣ್ಣೆ ನಾಲ್ಕನ್ನೂ ನಿಲ್ಲಿಸಿ. ಬಿಪಿ ಮತ್ತು ಹೃದಯದ ಮಾತ್ರೆಗಳನ್ನು ನೀವಾಗಿ ನಿಲ್ಲಿಸಬೇಡಿ, ಆದರೆ ಅವುಗಳ ಸ್ಟ್ರಿಪ್ಪನ್ನೂ, ಖಾಲಿ ಸ್ಯಾಶೆಗಳನ್ನೂ, ಸುತ್ತು ಹಾಕಿದ ಕ್ಯಾಲೆಂಡರನ್ನೂ ಹಿಡಿದು ಡಾಕ್ಟರ ಬಳಿ ಹೋಗಿ. ಡಿಜಾಕ್ಸಿನ್ ತೆಗೆದುಕೊಳ್ಳುವವರು ಅಂದೇ ಹೋಗಬೇಕು, ಕ್ಯಾಲ್ಸಿಯಂ ಏರಿದಾಗ ಆ ಮಾತ್ರೆ ಹೃದಯದ ಬಡಿತ ಕೆಡಿಸಬಲ್ಲದು. ಕೇಳಬೇಕಾದ ಪರೀಕ್ಷೆಗಳು ಮೂರು: ಸೀರಂ ಕ್ಯಾಲ್ಸಿಯಂ, ಕ್ರಿಯಾಟಿನಿನ್, 25-ಹೈಡ್ರಾಕ್ಸಿ ವಿಟಮಿನ್ ಡಿ. ಮೊದಲ ಎರಡರ ವರದಿ ಸಾಮಾನ್ಯವಾಗಿ ಅಂದೇ ಸಿಗುತ್ತದೆ, ಚಿಕಿತ್ಸೆ ನಿರ್ಧಾರವಾಗುವುದೂ ಅವುಗಳ ಮೇಲೆಯೇ. ಕ್ಯಾಲ್ಸಿಯಂ 8.5ರಿಂದ 10.5 ಮಿಲಿಗ್ರಾಂ ಒಳಗಿದ್ದರೆ ಉಸಿರಾಡಬಹುದು. ವಾಂತಿ ನಿಲ್ಲದಿದ್ದರೆ, ಗೊಂದಲ ಶುರುವಾಗಿದ್ದರೆ, ಮೂತ್ರ ಕಡಿಮೆಯಾಗಿದ್ದರೆ ಲ್ಯಾಬಿಗೆ ಕಾಯದೆ ಆಸ್ಪತ್ರೆಗೆ ಹೋಗಿ.

ಆಸ್ಪತ್ರೆಯಲ್ಲಿ ಸಲೈನ್ ಹಾಕಿ ಕ್ಯಾಲ್ಸಿಯಂ ಇಳಿಸುತ್ತಾರೆ, ಬೇಕಾದರೆ ಬೇರೆ ಔಷಧಿ ಸೇರಿಸುತ್ತಾರೆ. ಕೆಲವೇ ದಿನಗಳಲ್ಲಿ ಚೇತರಿಕೆ ಕಂಡರೂ ಕೊಬ್ಬಿನಲ್ಲಿ ಕೂತ ಡಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ರಕ್ತಕ್ಕೆ ಬರುತ್ತಲೇ ಇರುತ್ತದೆ. ಮನೆಗೆ ಬಂದ ಮೇಲೂ ಕ್ಯಾಲ್ಸಿಯಂ ಮತ್ತೆ ಏರಬಹುದು, ಆದ್ದರಿಂದ ಹೇಳಿದ ದಿನಕ್ಕೆ ಮರುಪರೀಕ್ಷೆ ತಪ್ಪಿಸಬೇಡಿ. ಉಳಿದ ಸ್ಯಾಶೆಗಳನ್ನು ಡಬ್ಬಿಯಲ್ಲಿಟ್ಟರೆ ಇನ್ನೊಮ್ಮೆ ಸುಸ್ತಾದಾಗ ಕೈ ಅತ್ತಲೇ ಹೋಗುತ್ತದೆ, ಪಕ್ಕದ ಮನೆಯವರ ಮಂಡಿ ನೋವಿಗೆ ಕೊಟ್ಟರೂ ಅದೇ ಕಥೆ. ಹಾಲು, ಮೊಸರು, ರಾಗಿಯನ್ನು ಎಷ್ಟು ದಿನ ಕಡಿಮೆ ಮಾಡಬೇಕು, ಯಾವಾಗ ಮತ್ತೆ ಮಾಮೂಲಿನಂತೆ ತಿನ್ನಬಹುದು ಎಂಬುದನ್ನು ಡಿಸ್ಚಾರ್ಜ್ ಚೀಟಿಯಲ್ಲೇ ಬರೆಸಿಕೊಂಡು ಬನ್ನಿ.